ಅದೇ ಪ್ರಶ್ನೆ, ಬೇರೆ ಮಿತಿ, ಬೇರೆ ಲೆಕ್ಕ

ಆಟ್‌ಕೋಡರ್ ಎಂಬುದು ಪ್ರೋಗ್ರಾಮಿಂಗ್ ಸ್ಪರ್ಧೆಗಳಿಗೆ ಹೆಸರಾದ ಜಪಾನಿನ ತಾಣ. 2019ರಲ್ಲಿ ಅದು ಡೈನಾಮಿಕ್ ಪ್ರೋಗ್ರಾಮಿಂಗ್ ಕಲಿಯುವವರಿಗೆಂದೇ 26 ಸಮಸ್ಯೆಗಳ ಒಂದು ಸ್ಪರ್ಧೆ ನಡೆಸಿತು. A ಯಿಂದ Z ವರೆಗೆ ಅಕ್ಷರಕ್ಕೊಂದು ಸಮಸ್ಯೆ. ಅವುಗಳಲ್ಲಿ D ಮತ್ತು E ಯನ್ನು ಒಂದರ ಹಿಂದೆ ಒಂದು ಓದಿದವರಿಗೆ ಒಂದೇ ಪ್ರಶ್ನೆಯನ್ನು ಎರಡು ಸಲ ಹಾಕಿಬಿಟ್ಟಿದ್ದಾರೇನೋ ಅನ್ನಿಸುತ್ತದೆ. ಎರಡರಲ್ಲೂ ಕಥೆ ಒಂದೇ, ಕೇಳಿರುವುದೂ ಒಂದೇ. ಕೊಟ್ಟಿರುವ ಮೊದಲ ಉದಾಹರಣೆ, ಅದರ ಉತ್ತರ ಕೂಡ ಒಂದೇ. ಆದರೂ D ಗೆ ಬರೆದ ಪ್ರೋಗ್ರಾಮನ್ನು E ಗೆ ಹಾಕಿದರೆ ಅದು ಪಾಸಾಗುವುದಿಲ್ಲ. ವ್ಯತ್ಯಾಸ ಇರುವುದು ಪ್ರಶ್ನೆಯ ಕೆಳಗೆ ‘ಕನ್‌ಸ್ಟ್ರೇಂಟ್ಸ್’ ಎಂಬ ತಲೆಬರಹದಡಿ ಸಣ್ಣದಾಗಿ ಬರೆದ ಎರಡು ಸಾಲುಗಳಲ್ಲಿ ಮಾತ್ರ.

ಪ್ರಶ್ನೆ ಇಷ್ಟು. ಒಂದು ಚೀಲವಿದೆ, ಅದು W ಕಿಲೋ ಭಾರ ತಡೆಯುತ್ತದೆ. N ವಸ್ತುಗಳಿವೆ, ಪ್ರತಿಯೊಂದಕ್ಕೂ ಒಂದು ತೂಕ, ಒಂದು ಬೆಲೆ. ವಸ್ತುವನ್ನು ಇಡಿಯಾಗಿ ತೆಗೆದುಕೊಳ್ಳಬೇಕು ಇಲ್ಲವೇ ಬಿಡಬೇಕು, ಮುರಿದು ಅರ್ಧ ಹಾಕುವಂತಿಲ್ಲ. ಚೀಲ ತಡೆಯುವಷ್ಟರೊಳಗೆ ಗರಿಷ್ಠ ಎಷ್ಟು ಬೆಲೆಯ ಸಾಮಾನು ತುಂಬಬಹುದು? ಇದಕ್ಕೆ ನ್ಯಾಪ್‌ಸ್ಯಾಕ್ ಸಮಸ್ಯೆ ಎಂದು ಹೆಸರು.

ಆ ಎರಡು ಸಾಲುಗಳನ್ನು ಓದುವುದು ಹೇಗೆ ಎಂದು ತಿಳಿಯಬೇಕಾದರೆ ಇಂಥ ತಾಣಗಳಲ್ಲಿ ಉತ್ತರವನ್ನು ಪರೀಕ್ಷಿಸುವ ಬಗೆ ಗೊತ್ತಿರಬೇಕು. ನೀವು ಬರೆದ ಪ್ರೋಗ್ರಾಮನ್ನು ತಾಣದ ಕಂಪ್ಯೂಟರ್ ನಿಮಗೆ ಕಾಣದ ಹಲವು ಇನ್‌ಪುಟ್‌ಗಳ ಮೇಲೆ ಓಡಿಸುತ್ತದೆ. ಪ್ರತಿಯೊಂದಕ್ಕೂ ಸರಿಯುತ್ತರ ಬರಬೇಕು, ಅದೂ ಗೊತ್ತುಮಾಡಿದ ಸಮಯದೊಳಗೆ ಬರಬೇಕು. D, E ಎರಡಕ್ಕೂ ಆ ಸಮಯ 2 ಸೆಕೆಂಡು. ಅದನ್ನು ಮೀರಿದರೆ ‘ಟೈಮ್ ಲಿಮಿಟ್ ಎಕ್ಸೀಡೆಡ್’ ಎಂಬ ತೀರ್ಪು. ಸ್ಪರ್ಧಿಗಳ ಬಾಯಲ್ಲಿ ಅದು ಬರೀ ಟಿಎಲ್‌ಇ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಎಂಜಿನಿಯರಿಂಗ್ ಓದುತ್ತಿರುವ ಮಕ್ಕಳು ಕೆಲಸಕ್ಕಾಗಿ ಬರೆಯುವ ಆನ್‌ಲೈನ್ ಕೋಡಿಂಗ್ ಪರೀಕ್ಷೆಗಳಲ್ಲೂ ಕ್ರಮ ಇದೇ.

ಪ್ರಶ್ನೆ ತಯಾರಿಸುವವರು ಮಿತಿಗಳನ್ನು ಮನಸ್ಸಿಗೆ ಬಂದಂತೆ ಬರೆಯುವುದಿಲ್ಲ. ಅವರ ಕೈಯಲ್ಲಿ ಮೊದಲೇ ಒಂದು ಉತ್ತರವಿರುತ್ತದೆ. ತಮ್ಮ ವಿಧಾನ ಆರಾಮಾಗಿ ಪಾಸಾಗಬೇಕು, ಅದಕ್ಕಿಂತ ನಿಧಾನವಾದದ್ದು ಸಿಕ್ಕಿಬೀಳಬೇಕು ಎಂದು ಲೆಕ್ಕ ಹಾಕಿ N ಎಷ್ಟರವರೆಗೆ ಹೋಗಬಹುದು, W ಎಷ್ಟರವರೆಗೆ ಹೋಗಬಹುದು ಎಂದು ಗೊತ್ತುಮಾಡುತ್ತಾರೆ. ಉತ್ತರದಿಂದ ಹುಟ್ಟಿದ ಸಂಖ್ಯೆಗಳಾದ್ದರಿಂದ ಅವನ್ನು ಹಿಡಿದು ಉತ್ತರದ ಕಡೆಗೆ ನಡೆಯಲು ಸಾಧ್ಯ.

ಅದಕ್ಕೆ ಬೇಕಾಗುವುದು ಒಂದು ಸ್ಥೂಲ ಅಳತೆ. ಸಿ++ನಲ್ಲಿ ಬರೆದ ಪ್ರೋಗ್ರಾಮ್ ಒಂದು ಸೆಕೆಂಡಿಗೆ ಸುಮಾರು 10 ಕೋಟಿ ಸರಳ ಕೆಲಸ ಮಾಡುತ್ತದೆ ಎಂದು ಸ್ಪರ್ಧಿಗಳು ಇಟ್ಟುಕೊಳ್ಳುತ್ತಾರೆ. ಸರಳ ಕೆಲಸವೆಂದರೆ ಎರಡು ಸಂಖ್ಯೆಗಳನ್ನು ಕೂಡುವುದು, ಹೋಲಿಸುವುದು, ಅರ್ರೇಯ ಒಂದು ಮನೆಯನ್ನು ಓದುವುದು, ಅಷ್ಟೇ. ಯಂತ್ರ ಹೊಸದಾದಷ್ಟೂ, ಲೂಪಿನೊಳಗಿನ ಕೆಲಸ ಹಗುರವಾದಷ್ಟೂ ಇದು ಹೆಚ್ಚುತ್ತದೆ, ಆದರೆ ಅಂದಾಜಿಗೆ 10 ಕೋಟಿ ಸಾಕು. ಈಗ N ಎರಡು ಲಕ್ಷದವರೆಗೆ ಇರಬಹುದು ಎಂದು ಬರೆದಿದ್ದರೆ, ಪ್ರತಿಯೊಂದನ್ನೂ ಪ್ರತಿಯೊಂದರ ಜೊತೆ ಹೋಲಿಸುವ ಲೂಪಿನೊಳಗಿನ ಲೂಪು 4,000 ಕೋಟಿ ಸಲ ಓಡಬೇಕಾಗುತ್ತದೆ, ಅಂದರೆ ಏಳು ನಿಮಿಷದ ಆಸುಪಾಸು. ಅದನ್ನು ಅಲ್ಲೇ ಕೈಬಿಡಬೇಕು. ಅದೇ ಎರಡು ಲಕ್ಷ ಸಂಖ್ಯೆಗಳನ್ನು ಸಾರ್ಟ್ ಮಾಡಲು ಸುಮಾರು 36 ಲಕ್ಷ ಹೆಜ್ಜೆ ಸಾಕು. ಹಾಗಾಗಿ ಎರಡು ಲಕ್ಷ ಎಂಬ ಮಿತಿ ಕಂಡಾಗ ಅನುಭವಿಗಳ ಮನಸ್ಸು ಸಾರ್ಟಿಂಗ್, ಬೈನರಿ ಸರ್ಚ್, ಒಂದೇ ಸುತ್ತಿನಲ್ಲಿ ಮುಗಿಯುವ ಲೆಕ್ಕಗಳ ಕಡೆಗೆ ಹೊರಳುತ್ತದೆ. N ಬರೀ 20 ಆಗಿದ್ದರೆ ಸೂಚನೆ ಬೇರೆಯೇ. 20 ವಸ್ತುಗಳಲ್ಲಿ ಯಾವುದು ಬೇಕು, ಯಾವುದು ಬೇಡ ಎಂಬ ಎಲ್ಲ ಆಯ್ಕೆಗಳನ್ನೂ ಎಣಿಸಿದರೆ 2^20, ಅಂದರೆ 10,48,576 ಆಗುತ್ತದೆ. ಎಲ್ಲವನ್ನೂ ಒಂದೊಂದಾಗಿ ನೋಡಿಬಿಡಿ ಎಂದು ಮಿತಿಯೇ ಹೇಳಿದಂತಾಯಿತು.

ಇಂಥ ಜೋಡಿಗಳ ಪಟ್ಟಿ ಬಾಯಿಪಾಠ ಮಾಡಿಕೊಂಡವರು ಬಹಳ. N ನೂರಾದರೆ ಮೂರು ಲೂಪು, ಸಾವಿರವಾದರೆ ಎರಡು ಲೂಪು ಎಂಬಂಥ ಪಟ್ಟಿ ಅದು. ನ್ಯಾಪ್‌ಸ್ಯಾಕ್‌ನಲ್ಲಿ ಆ ಪಟ್ಟಿ ಕೈಕೊಡುತ್ತದೆ, ಈ ಸಮಸ್ಯೆಯನ್ನೇ ನಾನು ಆರಿಸಿಕೊಂಡದ್ದೂ ಅದಕ್ಕೇ.

D ಯಲ್ಲಿ ಮಿತಿಗಳು ಹೀಗಿವೆ: N ನೂರರವರೆಗೆ, W 10^5 ವರೆಗೆ, ಒಂದೊಂದು ವಸ್ತುವಿನ ಬೆಲೆ 10^9 ವರೆಗೆ. ನಮ್ಮ ಎಣಿಕೆಯಲ್ಲಿ ಹೇಳುವುದಾದರೆ ಚೀಲ ಒಂದು ಲಕ್ಷ, ಬೆಲೆ ನೂರು ಕೋಟಿ. N ನೂರು ಎಂದು ನೋಡಿ ಎಲ್ಲ ಆಯ್ಕೆಗಳನ್ನೂ ಪರೀಕ್ಷಿಸಲು ಹೊರಟರೆ 2^100 ಆಗುತ್ತದೆ. ಅದು 31 ಅಂಕಿಗಳ ಸಂಖ್ಯೆ, ಯಾವ ಯಂತ್ರಕ್ಕೂ ಎಟುಕದ್ದು. ಹಾಗಾದರೆ ಕಿಲೋಗೆ ಹೆಚ್ಚು ಬೆಲೆ ಬರುವುದನ್ನು ಮೊದಲು ಹಾಕಿದರಾಯಿತಲ್ಲ ಎಂದು ಯಾರಿಗಾದರೂ ಹೊಳೆಯುತ್ತದೆ. ಸ್ಪರ್ಧೆಯಲ್ಲೇ ಕೊಟ್ಟ ಮೊದಲ ಉದಾಹರಣೆ ಅದನ್ನು ಸುಳ್ಳುಮಾಡುತ್ತದೆ. ಚೀಲ 8 ಕಿಲೋದ್ದು. ಮೂರು ವಸ್ತುಗಳಿವೆ: 3 ಕಿಲೋಗೆ 30, 4 ಕಿಲೋಗೆ 50, 5 ಕಿಲೋಗೆ 60. ಕಿಲೋವಾರು ಲೆಕ್ಕದಲ್ಲಿ 4 ಕಿಲೋದ್ದೇ ಮೇಲು, ಹನ್ನೆರಡೂವರೆ ಬೀಳುತ್ತದೆ. ಅದನ್ನು ಹಾಕಿದರೆ ಉಳಿದ 4 ಕಿಲೋದಲ್ಲಿ 5 ಕಿಲೋದ್ದು ಹಿಡಿಯುವುದಿಲ್ಲ. 3 ಕಿಲೋದ್ದನ್ನು ಸೇರಿಸಿದರೆ ಒಟ್ಟು 80. ಆದರೆ 3 ಮತ್ತು 5 ಕಿಲೋದ ವಸ್ತುಗಳು ಚೀಲವನ್ನು ಸರಿಯಾಗಿ ತುಂಬಿ 90 ಕೊಡುತ್ತವೆ.

ಈಗ ಮಿತಿಗಳನ್ನು ಮತ್ತೆ ನೋಡೋಣ. ಮೂರರಲ್ಲಿ ಎರಡು ಸಣ್ಣವು, ಒಂದು ಬಹಳ ದೊಡ್ಡದು. N ನೂರು, W ಒಂದು ಲಕ್ಷ, ಇವೆರಡರ ಗುಣಲಬ್ಧ ಒಂದು ಕೋಟಿ. ಎರಡು ಸೆಕೆಂಡಿನಲ್ಲಿ ಒಂದು ಕೋಟಿ ಎಂದರೆ ಸಲೀಸು. ಹಾಗಾದರೆ ಪ್ರತಿ ವಸ್ತುವಿಗೂ, 0 ಯಿಂದ W ವರೆಗಿನ ಪ್ರತಿ ಭಾರಕ್ಕೂ ಒಂದೊಂದು ಸಣ್ಣ ಕೆಲಸ ಮಾಡುವ ವಿಧಾನ ಇರಬೇಕು. ಆ ಕೆಲಸ ಏನಿರಬಹುದು ಎಂದು ಕೇಳಿಕೊಂಡರೆ ದಾರಿ ತಾನಾಗಿ ತೆರೆಯುತ್ತದೆ. ಭಾರ j ಮೀರದಂತೆ ಇದುವರೆಗೆ ಸಿಕ್ಕ ಗರಿಷ್ಠ ಬೆಲೆಯನ್ನು `dp[j]` ಯಲ್ಲಿ ಬರೆದಿಡಬೇಕು, ಹೊಸ ವಸ್ತು ಬಂದಾಗಲೆಲ್ಲ ಅದನ್ನು ತಿದ್ದಬೇಕು.

```
for (int i = 0; i < n; i++)
  for (int j = W; j >= w[i]; j--)
    dp[j] = max(dp[j], dp[j - w[i]] + v[i]);
```

ಒಳಗಿನ ಲೂಪು ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವುದರಿಂದ ಒಂದೇ ವಸ್ತು ಎರಡು ಸಲ ಚೀಲ ಸೇರುವುದಿಲ್ಲ. ಮೇಲಿನ ಉದಾಹರಣೆಯಲ್ಲಿ ಮೊದಲ ವಸ್ತು ಬಂದ ಮೇಲೆ 3 ರಿಂದ 8 ರವರೆಗಿನ ಮನೆಗಳಲ್ಲೆಲ್ಲ 30 ಕೂರುತ್ತದೆ. ಎರಡನೆಯದು ಬಂದಾಗ 4, 5, 6ನೇ ಮನೆಗಳು 50 ಆಗುತ್ತವೆ, 7 ಮತ್ತು 8 ಎರಡನ್ನೂ ಹಿಡಿಸಿಕೊಂಡು 80 ಆಗುತ್ತವೆ. ಮೂರನೆಯದು ಬಂದಾಗ 8ನೇ ಮನೆ ಹೀಗೆ ಕೇಳಿಕೊಳ್ಳುತ್ತದೆ: ಇರುವ 80 ಮೇಲೋ, 5 ಕಿಲೋದ್ದನ್ನು ಹಾಕಿ ಮಿಕ್ಕ 3 ಕಿಲೋಗೆ ಸಿಗುವ 30 ಸೇರಿಸಿದ 90 ಮೇಲೋ? 90 ಗೆಲ್ಲುತ್ತದೆ.

E ಯಲ್ಲಿ N ಅದೇ ನೂರು. ಆದರೆ W ಒಂದು ಲಕ್ಷದಿಂದ ನೂರು ಕೋಟಿಗೆ ಏರಿದೆ, ಬೆಲೆ ನೂರು ಕೋಟಿಯಿಂದ ಸಾವಿರಕ್ಕೆ ಇಳಿದಿದೆ. ಹಳೆಯ ಪ್ರೋಗ್ರಾಮ್ ಈಗ 10,000 ಕೋಟಿ ಸಲ ಸುತ್ತಬೇಕು. ನಮ್ಮ ಅಳತೆಯಲ್ಲಿ ಅದು ಸಾವಿರ ಸೆಕೆಂಡು, ಹದಿನಾರು ನಿಮಿಷಕ್ಕೂ ಹೆಚ್ಚು. ಅಷ್ಟು ದೂರ ಹೋಗುವ ಮೊದಲೇ ಮೆಮೊರಿ ಮುಗಿಯುತ್ತದೆ. ನೂರು ಕೋಟಿ ಮನೆಗಳ ಅರ್ರೇಗೆ, ಮನೆಗೆ ಎಂಟು ಬೈಟಿನಂತೆ 8 ಜಿಬಿ ಬೇಕು, ಇಲ್ಲಿ ಸಿಗುವುದು 1024 ಎಂಬಿ.

ಈ ಹಂತದಲ್ಲಿ ಹೊಸಬರು ಹಳೆಯ ವಿಧಾನವನ್ನೇ ಚುರುಕುಗೊಳಿಸಲು ಕೂರುತ್ತಾರೆ, ಗಂಟೆಗಟ್ಟಲೆ ಕಳೆದುಕೊಳ್ಳುತ್ತಾರೆ. ಮಿತಿಗಳನ್ನು ಓದುವವರು ಬೇರೆ ಪ್ರಶ್ನೆ ಕೇಳುತ್ತಾರೆ: W ದೊಡ್ಡದಾಯಿತು ಸರಿ, ಬೆಲೆಯನ್ನು ಇಳಿಸಿದ್ದು ಯಾಕೆ? ಸಮಸ್ಯೆಯನ್ನು ಬರೀ ಕಷ್ಟ ಮಾಡಬೇಕೆಂದಿದ್ದರೆ ಬೆಲೆ ನೂರು ಕೋಟಿಯಲ್ಲೇ ಇರಬಹುದಿತ್ತು. ಅದನ್ನು ಇಳಿಸಿದ್ದಾರೆ ಎಂದರೆ ಬೆಲೆಯನ್ನು ಎಲ್ಲೋ ಎಣಿಸಬೇಕಾಗಿದೆ. ನೂರು ವಸ್ತು, ಒಂದೊಂದಕ್ಕೆ ಹೆಚ್ಚೆಂದರೆ ಸಾವಿರ, ಒಟ್ಟು ಬೆಲೆ ಒಂದು ಲಕ್ಷ ದಾಟುವಂತಿಲ್ಲ. ನೂರು ಇಂಟು ಒಂದು ಲಕ್ಷ ಮತ್ತೆ ಒಂದು ಕೋಟಿ. ಅದೇ ಸಂಖ್ಯೆ ಬೇರೆ ದಾರಿಯಿಂದ ಬಂದು ನಿಂತಿದೆ.

ಆದ್ದರಿಂದ ಅರ್ರೇಯ ಮನೆಗಳನ್ನು ಭಾರದಿಂದಲ್ಲ, ಬೆಲೆಯಿಂದ ಗುರುತಿಸಬೇಕು. ಪ್ರಶ್ನೆಯೂ ತಿರುಗುತ್ತದೆ: ಸರಿಯಾಗಿ s ಬೆಲೆ ಬರಬೇಕಾದರೆ ಕನಿಷ್ಠ ಎಷ್ಟು ಭಾರ ಹೊರಬೇಕು? ಒಟ್ಟು ಬೆಲೆಯನ್ನು S ಎನ್ನೋಣ. ಆರಂಭದಲ್ಲಿ `dp[0]` ಸೊನ್ನೆ, ಮಿಕ್ಕ ಮನೆಗಳಲ್ಲೆಲ್ಲ ಬಹಳ ದೊಡ್ಡದೊಂದು ಸಂಖ್ಯೆ.

```
for (int i = 0; i < n; i++)
  for (int s = S; s >= v[i]; s--)
    dp[s] = min(dp[s], dp[s - v[i]] + w[i]);
```

ಕೊನೆಗೆ ಭಾರ W ಒಳಗಿರುವ ಮನೆಗಳಲ್ಲಿ ಅತಿ ದೊಡ್ಡ s ಯಾವುದೋ ಅದೇ ಉತ್ತರ. ನಮ್ಮ ಮೂರು ವಸ್ತುಗಳಿಗೆ ಮಾಡಿ ನೋಡಿದರೆ ಬೆಲೆ 80 ಕ್ಕೆ ಭಾರ 7, 90 ಕ್ಕೆ 8, 110 ಕ್ಕೆ 9, ಮೂರನ್ನೂ ಹಾಕಿದ 140 ಕ್ಕೆ 12. ಚೀಲ 8 ಕಿಲೋದ್ದಾದ್ದರಿಂದ ಉತ್ತರ ಮತ್ತೆ 90. ಎರಡು ಪ್ರೋಗ್ರಾಮುಗಳನ್ನು ಪಕ್ಕಪಕ್ಕ ಇಟ್ಟರೆ ಭಾರ ಮತ್ತು ಬೆಲೆ ಜಾಗ ಬದಲಿಸಿಕೊಂಡಿವೆ, ಗರಿಷ್ಠ ಹೋಗಿ ಕನಿಷ್ಠ ಬಂದಿದೆ, ಅಷ್ಟೇ. ಈ ಜೋಡಿಯಷ್ಟು ಚೊಕ್ಕವಾಗಿ ಮಿತಿಯ ಕೆಲಸವನ್ನು ತೋರಿಸುವ ಉದಾಹರಣೆ ನನಗೆ ಬೇರೆ ಕಂಡಿಲ್ಲ.

ಹಾಗಾದರೆ ಭಾರ, ಬೆಲೆ, ಎರಡೂ ನೂರು ಕೋಟಿಯವರೆಗೆ ಹೋದರೆ? ಅದೇ ತಾಣದ ಹಳೆಯದೊಂದು ಸ್ಪರ್ಧೆಯಲ್ಲಿ, ಬಿಗಿನರ್ ಕಾಂಟೆಸ್ಟ್ 32ರ D ಯಲ್ಲಿ, ಇದಕ್ಕೂ ಉತ್ತರವಿದೆ. ಅಲ್ಲಿ N 200ರವರೆಗೆ ಇರಬಹುದು, ಮಿಕ್ಕೆಲ್ಲವೂ ನೂರು ಕೋಟಿಯವರೆಗೆ. ಆದರೆ ಪ್ರತಿ ಇನ್‌ಪುಟ್ಟೂ ಮೂರು ಬಗೆಗಳಲ್ಲಿ ಒಂದಕ್ಕೆ ಸೇರಿರುತ್ತದೆ ಎಂದು ಬರೆದಿದ್ದಾರೆ: N 30 ರೊಳಗೆ, ಇಲ್ಲವೇ ಪ್ರತಿ ತೂಕವೂ ಸಾವಿರದೊಳಗೆ, ಇಲ್ಲವೇ ಪ್ರತಿ ಬೆಲೆಯೂ ಸಾವಿರದೊಳಗೆ. ಎರಡನೆಯ ಬಗೆಯಲ್ಲಿ W ನೂರು ಕೋಟಿ ಎಂದಿದ್ದರೂ ಹೆದರಬೇಕಿಲ್ಲ. ಇನ್ನೂರು ವಸ್ತುಗಳ ಒಟ್ಟು ತೂಕವೇ ಎರಡು ಲಕ್ಷ ಮೀರುವುದಿಲ್ಲ, ಅದರಾಚೆಗಿನ ಚೀಲ ಹೇಗೂ ಖಾಲಿ. ಮಿತಿಗಳಲ್ಲಿ ನೇರವಾಗಿ ಬರೆಯದ, ಎರಡನ್ನು ಗುಣಿಸಿದಾಗ ಮಾತ್ರ ಕಾಣುವ ಇಂಥ ಸಣ್ಣ ಸಂಖ್ಯೆಗಳೇ ಎಷ್ಟೋ ಸಲ ಬೀಗದ ಕೈ.

N 30 ರ ಬಗೆಗೆ ಬೇರೆಯದೇ ಉಪಾಯ ಬೇಕು. 2^30 ಎಂದರೆ 107 ಕೋಟಿ ಆಯ್ಕೆಗಳು, ಸ್ವಲ್ಪದರಲ್ಲೇ ಕೈಮೀರುತ್ತವೆ. ಆದರೆ ವಸ್ತುಗಳನ್ನು ಹದಿನೈದು ಹದಿನೈದರ ಎರಡು ಗುಂಪು ಮಾಡಿದರೆ ಒಂದೊಂದು ಗುಂಪಿನಲ್ಲಿ ಇರುವುದು 32,768 ಆಯ್ಕೆಗಳು ಮಾತ್ರ. ಎರಡನೆಯ ಗುಂಪಿನ ಆಯ್ಕೆಗಳನ್ನು ತೂಕದ ಪ್ರಕಾರ ಸಾರ್ಟ್ ಮಾಡಿ, ಆ ತೂಕದವರೆಗೆ ಸಿಗುವ ಗರಿಷ್ಠ ಬೆಲೆಯನ್ನು ಪ್ರತಿಯೊಂದರ ಮುಂದೆ ಬರೆದಿಡಬೇಕು. ಆಮೇಲೆ ಮೊದಲ ಗುಂಪಿನ ಒಂದೊಂದು ಆಯ್ಕೆಗೂ ಚೀಲದಲ್ಲಿ ಉಳಿದ ಜಾಗವೆಷ್ಟು ಎಂದು ನೋಡಿ, ಆ ಜಾಗಕ್ಕೆ ಹಿಡಿಸುವ ಸಾಲನ್ನು ಬೈನರಿ ಸರ್ಚ್‌ನಿಂದ ಹುಡುಕಬೇಕು. ಒಂದು ಹುಡುಕಾಟಕ್ಕೆ ಹದಿನೈದು ಹೆಜ್ಜೆ, ಒಟ್ಟು ಐದು ಲಕ್ಷದೊಳಗೆ ಮುಗಿಯುತ್ತದೆ. ಎಲಿಸ್ ಹೊರೊವಿಟ್ಜ್ ಮತ್ತು ಐಐಟಿ ಕಾನ್ಪುರದಲ್ಲಿ ಓದಿದ ಸರ್ತಾಜ್ ಸಾಹ್ನಿ 1974ರಲ್ಲಿ ಪ್ರಕಟಿಸಿದ ಉಪಾಯ ಇದು. ಸ್ಪರ್ಧಿಗಳು ಇದನ್ನು ‘ಮೀಟ್ ಇನ್ ದ ಮಿಡಲ್’ ಎನ್ನುತ್ತಾರೆ. N 40 ಆದರೂ ಒಂದೊಂದು ಗುಂಪಿಗೆ ಹತ್ತೂವರೆ ಲಕ್ಷ ಆಯ್ಕೆಗಳು, ಆಗಲೂ ಇದು ನಡೆಯುತ್ತದೆ. ಹಾಗಾಗಿ ಮಿತಿಯಲ್ಲಿ 30, 36, 40 ಇಂಥ ಸಂಖ್ಯೆ ಕಂಡಾಗ, ಅಂದರೆ ಎಲ್ಲವನ್ನೂ ನೋಡಲು ಸ್ವಲ್ಪ ಹೆಚ್ಚು, ಉಳಿದದ್ದಕ್ಕೆಲ್ಲ ತೀರಾ ಕಡಿಮೆ ಎನಿಸುವ ಸಂಖ್ಯೆ ಕಂಡಾಗ, ಅರ್ಧ ಮಾಡಿ ನೋಡು ಎಂಬ ಯೋಚನೆ ಮೊದಲು ಬರಬೇಕು.

ಮಿತಿಯನ್ನೆಲ್ಲ ತೆಗೆದುಬಿಟ್ಟರೆ ಏನಾಗುತ್ತದೆ ಎಂಬುದೂ ತಿಳಿದಿರಬೇಕು. ರಿಚರ್ಡ್ ಕಾರ್ಪ್ 1972ರಲ್ಲಿ ಎನ್‌ಪಿ-ಕಂಪ್ಲೀಟ್ ಎಂದು ತೋರಿಸಿದ 21 ಸಮಸ್ಯೆಗಳ ಪಟ್ಟಿಯಲ್ಲಿ ನ್ಯಾಪ್‌ಸ್ಯಾಕ್ ಕೂಡ ಇದೆ. ಎಲ್ಲ ಇನ್‌ಪುಟ್‌ಗಳಿಗೂ ಬೇಗ ಉತ್ತರ ಕೊಡುವ ವಿಧಾನ ಇದಕ್ಕೆ ಇಂದಿಗೂ ಯಾರಿಗೂ ಗೊತ್ತಿಲ್ಲ. ನಮ್ಮ `dp` ಬೇಗ ಮುಗಿದದ್ದು W ನ ಬೆಲೆ ಸಣ್ಣದಿದ್ದುದರಿಂದ. ನೂರು ಕೋಟಿ ಎಂದು ಬರೆಯಲು ಕಂಪ್ಯೂಟರಿಗೆ ಬರೀ 30 ಬಿಟ್ ಸಾಕು, ಆದರೆ ಅಷ್ಟು ಮನೆಗಳನ್ನು ತುಂಬಲು ನೂರು ಕೋಟಿ ಹೆಜ್ಜೆ ಬೇಕು. ಹೀಗಾಗಿ ಇಲ್ಲಿ ಮಿತಿ ಎಂಬುದು ಸುಳಿವಷ್ಟೇ ಅಲ್ಲ, ಪ್ರಶ್ನೆಯ ಅರ್ಧ ಭಾಗ. ಅದನ್ನು ಓದದೆ ಉತ್ತರ ಹುಡುಕುವವರು ಲೋಕದಲ್ಲಿ ಯಾರೂ ಬಿಡಿಸದ ಸಮಸ್ಯೆಯನ್ನು ಬಿಡಿಸಲು ಹೊರಟಿರುತ್ತಾರೆ.

ವಿಧಾನ ಸರಿಯಿದ್ದೂ ಸೋಲುವುದುಂಟು, ಅದರ ಸೂಚನೆ ಕೂಡ ಮಿತಿಗಳಲ್ಲೇ ಇರುತ್ತದೆ. D ಯಲ್ಲಿ ನೂರು ವಸ್ತುಗಳ ಬೆಲೆ ಕೂಡಿದರೆ 10,000 ಕೋಟಿ ಆಗಬಹುದು. ಸಿ++ನ ಸಾಮಾನ್ಯ `int` ಹಿಡಿಯುವುದು 2,147,483,647 ರವರೆಗೆ, ಅಂದರೆ 214 ಕೋಟಿ ಚಿಲ್ಲರೆ. ಅಲ್ಲಿನ ಎರಡನೆಯ ಉದಾಹರಣೆಯಲ್ಲಿ ಐದು ಕಿಲೋ ಚೀಲ, ಒಂದೊಂದು ಕಿಲೋದ ಐದು ವಸ್ತು, ಪ್ರತಿಯೊಂದರ ಬೆಲೆ ನೂರು ಕೋಟಿ. ಉತ್ತರ ಐದುನೂರು ಕೋಟಿ ಬರಬೇಕು. `int` ಬಳಸಿದವರ ಪರದೆಯ ಮೇಲೆ ಸಾಮಾನ್ಯವಾಗಿ ಮೂಡುವುದು 2000000000. ನೋಡಲು ಏನೂ ಕೆಟ್ಟಂತೆ ಕಾಣದ ಸಂಖ್ಯೆ, ಆದರೆ ಪೂರ್ತಿ ತಪ್ಪು. `long long` ಬೇಕೆಂದು ಎಚ್ಚರಿಸಲೆಂಬಂತೆ ಆ ಉದಾಹರಣೆ ಅಲ್ಲಿದೆ. E ಯ ಎರಡನೆಯ ಉದಾಹರಣೆಯಲ್ಲಿ ಒಂದೇ ಒಂದು ವಸ್ತು, ಅದರ ತೂಕವೂ ಚೀಲವೂ ನೂರು ಕೋಟಿ. W ಉದ್ದದ ಅರ್ರೇ ಮಾಡಿದವರಿಗೆ ತಪ್ಪು ಅಲ್ಲೇ ಗೊತ್ತಾಗಿಬಿಡುತ್ತದೆ.

ಕೋಡ್‌ಫೋರ್ಸಸ್ ತಾಣದ ಸಮಸ್ಯೆಗಳಲ್ಲಿ ಇನ್ನೊಂದು ಸಾಲನ್ನು ಹುಡುಕಿ ಓದಬೇಕು. ಅಲ್ಲಿ ಒಂದೇ ಇನ್‌ಪುಟ್‌ನಲ್ಲಿ ಹತ್ತು ಸಾವಿರ ಪ್ರತ್ಯೇಕ ಟೆಸ್ಟ್‌ಗಳಿರಬಹುದು, ಒಂದೊಂದರ n ಎರಡು ಲಕ್ಷದವರೆಗೆ ಎಂದಿರುತ್ತದೆ. ಗುಣಿಸಿದರೆ ಸಾರ್ಟ್ ಮಾಡುವುದೂ ಅಸಾಧ್ಯ ಎನಿಸುತ್ತದೆ. ಆದರೆ ಕೆಳಗೆ, ಎಲ್ಲ ಟೆಸ್ಟ್‌ಗಳ n ಕೂಡಿದರೂ ಎರಡು ಲಕ್ಷ ಮೀರುವುದಿಲ್ಲ ಎಂದು ಬರೆದಿರುತ್ತಾರೆ. ಇದನ್ನು ಓದಿ ಸರಿಯಾದ ವಿಧಾನ ಹಿಡಿದವರೂ ಒಂದು ಕಡೆ ಎಡವುತ್ತಾರೆ. ಪ್ರತಿ ಟೆಸ್ಟ್‌ನ ಆರಂಭದಲ್ಲಿ ಎರಡು ಲಕ್ಷ ಮನೆಗಳ ಅರ್ರೇಯನ್ನು ಪೂರ್ತಿ ಸೊನ್ನೆ ಮಾಡುತ್ತಾರೆ. ಹತ್ತು ಸಾವಿರ ಟೆಸ್ಟ್‌ಗೆ ಅದು 200 ಕೋಟಿ ಮನೆಗಳಾಯಿತು. ಮುಖ್ಯ ಕೆಲಸ ಕ್ಷಣದಲ್ಲಿ ಮುಗಿದಿದ್ದರೂ ಒರೆಸುವುದರಲ್ಲೇ ಟಿಎಲ್‌ಇ ಬಂದೀತು. ಆ ಟೆಸ್ಟ್‌ಗೆ ಬೇಕಾದ n ಮನೆಗಳನ್ನಷ್ಟೇ ಒರೆಸಿದರೆ ಆಯಿತು.

ಮಿತಿ ಯಾವಾಗಲೂ ನಿಜವನ್ನೇ ಪೂರ್ತಿ ಹೇಳುತ್ತದೆ ಎಂದುಕೊಳ್ಳಬಾರದು. ಉತ್ತರ ಬಯಲಾಗಬಾರದೆಂದು ಕೆಲವರು ಬೇಕೆಂದೇ ಸಡಿಲ ಮಿತಿ ಇಡುತ್ತಾರೆ. ಒಂದೇ ಸುತ್ತಿನಲ್ಲಿ ಮುಗಿಯುವ ಸಮಸ್ಯೆಗೆ N ನೂರು ಎಂದು ಬರೆದರೆ ಓದಿದವರು ಮೂರು ಲೂಪಿನ ಗೋಜಲಿಗೆ ಬೀಳಬಹುದು. ಆದ್ದರಿಂದ ಮಿತಿಯಿಂದ ಖಂಡಿತವಾಗಿ ತಿಳಿಯುವುದು ಯಾವುದು ಆಗುವುದಿಲ್ಲ ಎಂಬುದು. ಯಾವುದು ಆಗುತ್ತದೆ ಎಂಬುದು ಊಹೆ, ಅದನ್ನು ನ್ಯಾಪ್‌ಸ್ಯಾಕ್‌ನಲ್ಲಿ ಮಾಡಿದಂತೆ ಸಣ್ಣ ಉದಾಹರಣೆಯ ಮೇಲೆ ಕೈಯಾರೆ ಪರೀಕ್ಷಿಸಬೇಕು. ಭಾಷೆಯೂ ಲೆಕ್ಕಕ್ಕೆ ಬರುತ್ತದೆ. ಪೈಥಾನ್‌ನ ಬರಿಯ ಲೂಪು ಸಿ++ಗಿಂತ ಹತ್ತಾರು ಪಟ್ಟು ನಿಧಾನ. ಅಲ್ಲಿ ಒಂದು ಕೋಟಿ ಸುತ್ತು ಕೂಡ 2 ಸೆಕೆಂಡಿನ ಅಂಚಿಗೆ ಬಂದು ನಿಲ್ಲಬಹುದು. ಪೈಥಾನ್‌ನಲ್ಲಿ ಬರೆಯುವವರು D ಯ ಒಳಗಿನ ಲೂಪನ್ನು ನಂಪೈ ಅರ್ರೇಯ ಒಂದೇ ಸಾಲಿಗೆ ತಂದುಕೊಳ್ಳುವುದು ಅದಕ್ಕೇ.

ಪ್ರೋಗ್ರಾಮನ್ನು ಒಪ್ಪಿಸುವ ಮೊದಲು ಸಮಯ ಸಾಕೇ ಎಂದು ತಿಳಿಯಲು ಮಿತಿ ಬಿಟ್ಟುಕೊಡುವ ಅತಿ ದೊಡ್ಡ ಇನ್‌ಪುಟ್ಟನ್ನು ನಾವೇ ತಯಾರಿಸಿ ಓಡಿಸಿ ನೋಡಬೇಕು. E ಗೆ ಅದು ನೂರು ವಸ್ತು, ಪ್ರತಿಯೊಂದರ ಬೆಲೆ ಸಾವಿರ, ತೂಕಗಳು ನೂರು ಕೋಟಿಯ ಆಸುಪಾಸಿನಲ್ಲಿ, W ಪೂರ್ತಿ ನೂರು ಕೋಟಿ. ತೂಕಗಳನ್ನು ಕೂಡಿದರೆ ಅಲ್ಲೂ 10,000 ಕೋಟಿ ಬರುತ್ತದೆ, ಹಾಗಾಗಿ E ಯ `dp` ಗೂ `long long` ಬೇಕು. ಈ ಒಂದೇ ಇನ್‌ಪುಟ್‌ನಿಂದ ಸಮಯ, ಮೆಮೊರಿ, ಸಂಖ್ಯೆಯ ಗಾತ್ರ ಮೂರೂ ಒಟ್ಟಿಗೆ ಪರೀಕ್ಷೆಯಾಗುತ್ತವೆ.